ಎಲೆಕ್ಟ್ರಿಕ್ ಸ್ಕೂಟರ್ ಯಾರಿಗೆ ಸೋವಿ, ಯಾರಿಗೆ ತುಟ್ಟಿ? ಬೆಂಗೇರಿಯ ಎರಡು ಮನೆಗಳ ಲೆಕ್ಕ

ಹೋದ ತಿಂಗಳು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗನಿಗೆ ಧಾರವಾಡದಲ್ಲಿ ಕೆಲಸ ಸಿಕ್ಕಿದೆ, ದಿನಾ ಹೋಗಿ ಬರೋದು ಸುಮಾರು 44 ಕಿಲೋಮೀಟರ್. "ಮಾಮಾ, ನೀ ಇಂಜಿನಿಯರಿಂಗ್ ಓದಿಯಲ್ಲ, ಲೆಕ್ಕಾ ಹಾಕಿ ಹೇಳು. ಕರೆಂಟ್ ಗಾಡಿ ತಗೊಳ್ಳೋದೋ, ಪೆಟ್ರೋಲ್ ಗಾಡಿನೋ?" ಅಂದ. ಅಲ್ಲೇ ಕೂತಿದ್ದ ಪಕ್ಕದ ಮನೆ ಕಾಕು, "ನನಗೂ ಅಷ್ಟ ಹೇಳಪಾ. ದುರ್ಗದ ಬೈಲಿಗೆ ಅಂಗಡಿಗೆ ಹೋಗಿ ಬರೂದು ಬಿಟ್ರ ನನಗೇನೂ ಓಡಾಟ ಇಲ್ಲ" ಅಂದರು.

ಇಬ್ಬರದೂ ಒಂದೇ ಓಣಿ, ಒಂದೇ ಶೋರೂಂ, ಒಂದೇ ಬೆಲೆ. ಆದರೆ ಉತ್ತರ ಒಂದೇ ಅಲ್ಲ. ಸಾಮಾಜಿಕ ಜಾಲತಾಣಗಳಲ್ಲಿ ನಡೆಯುವ 'ಇವಿ ಪರ, ಇವಿ ವಿರೋಧ' ಜಗಳದಲ್ಲಿ ಕಾಣೆಯಾಗುವುದು ಇದೇ. ಹಾಗಾಗಿ ಆವತ್ತು ಹಾಕಿದ ಲೆಕ್ಕವನ್ನು ಇಲ್ಲಿ ಪೂರ್ತಿ ಇಡುತ್ತಿದ್ದೇನೆ. ನಿಮ್ಮ ಅಂಕಿ ಹಾಕಿಕೊಂಡು ನೀವೂ ಮಾಡಬಹುದು.

ನಾಳೆಯ ರೂಪಾಯಿಗೆ ಇವತ್ತಿನ ಬೆಲೆ

ಎಲೆಕ್ಟ್ರಿಕ್ ಗಾಡಿಯ ಹಣೆಬರಹ ಸರಳ: ಇವತ್ತು ಹೆಚ್ಚು ಕೊಡಬೇಕು, ಮುಂದೆ ಪ್ರತಿ ವರ್ಷ ಉಳಿತಾಯ. ಬಹಳ ಜನ ಎಂಟು ವರ್ಷದ ಉಳಿತಾಯವನ್ನು ಸುಮ್ಮನೆ ಕೂಡಿಸಿ, ಹೆಚ್ಚಿಗೆ ಕೊಟ್ಟದ್ದನ್ನು ಕಳೆದುಬಿಡುತ್ತಾರೆ. ಇದು ತಪ್ಪು. ಎಂಟು ವರ್ಷದ ನಂತರ ಕೈಗೆ ಬರುವ ಸಾವಿರ ರೂಪಾಯಿ ಇವತ್ತಿನ ಸಾವಿರಕ್ಕೆ ಸಮ ಅಲ್ಲ. ಇವತ್ತಿನ ಹಣವನ್ನು ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಬರುತ್ತದೆ. ಸಾಲ ತಂದಿದ್ದರೆ ಬಡ್ಡಿ ಕಟ್ಟಬೇಕಾಗುತ್ತದೆ. ಆದ್ದರಿಂದ ಮುಂದಿನ ಪ್ರತಿ ಮೊತ್ತವನ್ನೂ ಇವತ್ತಿಗೆ ಇಳಿಸಬೇಕು:

```
PV = C / (1 + r)^n
```

`C` ಅಂದರೆ ಆ ವರ್ಷದ ಮೊತ್ತ, `r` ಅಂದರೆ ಬಡ್ಡಿ ದರ, `n` ಅಂದರೆ ಎಷ್ಟನೇ ವರ್ಷ. `PV` ಅದರ ಇವತ್ತಿನ ಬೆಲೆ. ದರ ಶೇ 10 ಇದ್ದರೆ, ಎಂಟನೇ ವರ್ಷದ ಕೊನೆಗೆ ಬರುವ 1,000 ರೂಪಾಯಿಯ ಇವತ್ತಿನ ಬೆಲೆ ಸುಮಾರು 467 ರೂಪಾಯಿ. ಪ್ರತಿ ವರ್ಷ ಒಂದು ರೂಪಾಯಿಯಂತೆ ಎಂಟು ವರ್ಷ ಉಳಿದರೆ, ಅದರ ಇವತ್ತಿನ ಬೆಲೆ 8 ರೂಪಾಯಿ ಅಲ್ಲ, 5.33 ರೂಪಾಯಿ. ಈ 5.33 ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲ ಕಡೆ ಇದೇ ಬರುತ್ತದೆ.

ನಾನು ಹಿಡಿದ ಅಂಕಿಗಳು

ಪೆಟ್ರೋಲ್ ಸ್ಕೂಟರ್ ಆನ್‌ರೋಡ್ 98,000 ರೂಪಾಯಿ. ಸುಮಾರು 3 ಕಿಲೋವ್ಯಾಟ್ ಅವರ್ ಬ್ಯಾಟರಿಯ ಎಲೆಕ್ಟ್ರಿಕ್ ಸ್ಕೂಟರ್ 1,28,000. ಅಂತರ 30,000. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಮೈಲೇಜ್ 45. ಅಂದರೆ ಕಿಲೋಮೀಟರಿಗೆ 2.29 ರೂಪಾಯಿ. ಎಲೆಕ್ಟ್ರಿಕ್ ಗಾಡಿ 100 ಕಿಲೋಮೀಟರಿಗೆ ಗೋಡೆಯ ಪ್ಲಗ್‌ನಿಂದ ಎಳೆಯುವುದು 3.5 ಯೂನಿಟ್ ಎಂದು ಹಿಡಿದಿದ್ದೇನೆ. ಚಾರ್ಜ್ ಆಗುವಾಗ ಬಿಸಿಯಾಗಿ ಹೋಗುವ ಕರೆಂಟೂ ಇದರಲ್ಲಿ ಸೇರಿದೆ. ಮೀಟರ್ ಓಡುವುದು ಗೋಡೆಯ ಲೆಕ್ಕಕ್ಕೆ, ಗಾಡಿಯ ಪರದೆ ತೋರಿಸುವ ಲೆಕ್ಕಕ್ಕಲ್ಲ. ತೆರಿಗೆ ಸೇರಿ ಯೂನಿಟ್‌ಗೆ 7 ರೂಪಾಯಿ ಅಂದರೆ ಕಿಲೋಮೀಟರಿಗೆ 25 ಪೈಸೆ. ಉಳಿತಾಯ ಹತ್ತಿರ ಹತ್ತಿರ ಕಿಲೋಮೀಟರಿಗೆ 2 ರೂಪಾಯಿ. ವಿಮೆಯನ್ನು ಎರಡಕ್ಕೂ ಸಮ ಎಂದು ಬಿಟ್ಟಿದ್ದೇನೆ.

ಪೆಟ್ರೋಲ್ ದರ ವರ್ಷಾ ಏರುತ್ತದೆ ಎಂದು ನಾನು ಹಿಡಿದಿಲ್ಲ. ಮಾರಾಟಗಾರರ ಲೆಕ್ಕದಲ್ಲಿ ಅದು ಇದ್ದೇ ಇರುತ್ತದೆ, ಮತ್ತು ಅಲ್ಲೇ ಉಳಿತಾಯ ಉಬ್ಬುತ್ತದೆ. 2022ರ ಮೇನಲ್ಲಿ ಕೇಂದ್ರ ಅಬಕಾರಿ ಸುಂಕ ಇಳಿಸಿದ ಮೇಲೆ 2025ರವರೆಗೆ ಪಂಪಿನ ದರ ಹೆಚ್ಚು ಅಲುಗಾಡಲಿಲ್ಲ. 2024ರ ಮಾರ್ಚ್‌ನಲ್ಲಿ 2 ರೂಪಾಯಿ ಇಳಿಯಿತು, ಅದೇ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದ್ದರಿಂದ ಸುಮಾರು 3 ರೂಪಾಯಿ ಏರಿತು. ನಮ್ಮಲ್ಲಿ ಪೆಟ್ರೋಲ್ ದರ ಮಾರುಕಟ್ಟೆಗಿಂತ ಹೆಚ್ಚಾಗಿ ರಾಜಕೀಯ ತೀರ್ಮಾನ.

ಅಳಿಯನ ಲೆಕ್ಕ: ವರ್ಷಕ್ಕೆ 12,000 ಕಿಲೋಮೀಟರ್

ಇಂಧನದಲ್ಲಿ ವರ್ಷಕ್ಕೆ 24,000, ಸರ್ವಿಸ್‌ನಲ್ಲಿ 1,500, ಒಟ್ಟು 25,500 ಉಳಿತಾಯ. ಎಂಟು ವರ್ಷಕ್ಕೆ ಶೇ 10ರ ದರದಲ್ಲಿ ಇವತ್ತಿನ ಬೆಲೆ ಸುಮಾರು 1,36,000.

ಆದರೆ ಇಷ್ಟು ಓಡಿಸಿದರೆ ಬ್ಯಾಟರಿ ಸವೆಯುತ್ತದೆ. ಆರನೇ ವರ್ಷದ ಕೊನೆಗೆ 45,000 ಕೊಟ್ಟು ಹೊಸದು ಹಾಕಿಸಿದ ಎಂದುಕೊಳ್ಳೋಣ. ಅದರ ಇವತ್ತಿನ ಬೆಲೆ 25,400. ಇಲ್ಲಿ ಡಿಸ್ಕೌಂಟಿಂಗ್ ಎಲೆಕ್ಟ್ರಿಕ್ ಗಾಡಿಯ ಪರವಾಗಿ ಕೆಲಸ ಮಾಡುತ್ತದೆ: ದೂರದ ಖರ್ಚೂ ಸಣ್ಣದಾಗುತ್ತದೆ. ಕೊನೆಗೆ ಮಾರುವಾಗ ಪೆಟ್ರೋಲ್ ಗಾಡಿಗೆ 5,000 ಹೆಚ್ಚು ಬಂತು ಅಂದರೆ ಅದು ಇವತ್ತಿಗೆ 2,300. ಇವೆರಡನ್ನೂ, ಮೊದಲು ಹೆಚ್ಚಿಗೆ ಕೊಟ್ಟ 30,000ವನ್ನೂ ಕಳೆದರೆ ಅಳಿಯನಿಗೆ ಉಳಿಯುವುದು ಸುಮಾರು 78,000 ರೂಪಾಯಿ. ಹೆಚ್ಚಿಗೆ ಕೊಟ್ಟ ದುಡ್ಡು ಒಂದು ವರ್ಷ ನಾಲ್ಕು ತಿಂಗಳಲ್ಲಿ ಬಡ್ಡಿ ಸಮೇತ ವಾಪಸ್. ಅಂಕಿಗಳಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ಈ ಉತ್ತರ ಬದಲಾಗುವುದಿಲ್ಲ.

ಕಾಕುನ ಲೆಕ್ಕ: ವರ್ಷಕ್ಕೆ 3,000 ಕಿಲೋಮೀಟರ್

ಕಾಕುಗೆ ಇಂಧನದಲ್ಲಿ 6,000, ಸರ್ವಿಸ್‌ನಲ್ಲಿ 1,000, ವರ್ಷಕ್ಕೆ 7,000 ಉಳಿತಾಯ. ಸುಮ್ಮನೆ ಕೂಡಿಸಿದರೆ ಎಂಟು ವರ್ಷಕ್ಕೆ 56,000. ಅದರಲ್ಲಿ 30,000 ಕಳೆಯಿರಿ. ಮಾರುವಾಗ ಎಂಟು ವರ್ಷದ ಹಳೆ ಬ್ಯಾಟರಿಯ ಗಾಡಿಗೆ 5,000, ಕಡಿಮೆ ಓಡಿದ ಪೆಟ್ರೋಲ್ ಗಾಡಿಗೆ 25,000 ಬಂತು ಅಂತ ಇನ್ನೊಂದು 20,000 ಕಳೆಯಿರಿ. ಆದರೂ 6,000 ಲಾಭ ಕಾಣುತ್ತದೆ.

ಈಗ ಇವತ್ತಿಗೆ ಇಳಿಸಿ. 56,000 ಆಗುವುದು 37,300. ಮಾರಾಟದ 20,000 ಅಂತರ ಆಗುವುದು 9,300. ಕಳೆದರೆ ಸುಮಾರು 2,000 ನಷ್ಟ. ಲಾಭ ಹೋಗಿ ನಷ್ಟ ಬಂತು, ಒಂದೂ ಅಂಕಿ ಬದಲಾಗದೆ. ನಡುವೆ ಬ್ಯಾಟರಿ ಬದಲಿಸಬೇಕಾಗಿ ಬಂದರೆ, ಮಾರಾಟದ ಬೆಲೆ ಎರಡಕ್ಕೂ ಸಮ ಎಂದರೂ ನಷ್ಟ 18,000. ಬ್ಯಾಟರಿ ಓಡಿದರೆ ಮಾತ್ರ ಸವೆಯುವುದಿಲ್ಲ, ನಿಂತರೂ ವಯಸ್ಸಾಗುತ್ತದೆ. ಅದಕ್ಕೇ ಕಡಿಮೆ ಓಡಿಸುವವರು ವಾರಂಟಿಯಲ್ಲಿ ಕಿಲೋಮೀಟರಿಗಿಂತ ವರ್ಷ ನೋಡಬೇಕು. ಬ್ಯಾಟರಿಯ ಸಾಮರ್ಥ್ಯ ಎಷ್ಟು ಶೇಕಡಾಕ್ಕೆ ಇಳಿದರೆ ಬದಲಿಸಿ ಕೊಡುತ್ತಾರೆ ಎಂಬುದನ್ನು ಬರಹದಲ್ಲಿ ಓದಬೇಕು.

"ಹಂಗಾರ ನನಗ ಪೆಟ್ರೋಲ್ ಗಾಡಿನೇ ಛಲೋ ಅಂತಿ?" ಅಂದರು ಕಾಕು. ಅವರಿಗೆ ಇನ್ನೊಂದು ಪ್ರಶ್ನೆ ಕೇಳಿದೆ: ದುಡ್ಡು ಎಲ್ಲಿಂದ?

ಬಡ್ಡಿ ದರ ಯಾರದ್ದು?

ಶೇ 10 ಎಂಬುದು ನಾನು ಹಿಡಿದದ್ದು, ಅದೇನೂ ಪ್ರಕೃತಿ ನಿಯಮವಲ್ಲ. ಕಾಕು ಠೇವಣಿಯಿಂದ ದುಡ್ಡು ತೆಗೆದರೆ ಅವರು ಬಿಟ್ಟುಕೊಡುವುದು ಶೇ 6ರ ಬಡ್ಡಿ ಇರಬಹುದು. ಆಗ ಲೆಕ್ಕ ಸಮಸಮ, ಸಾವಿರದಷ್ಟು ಲಾಭವೂ ಆಗುತ್ತದೆ. ಫೈನಾನ್ಸ್‌ನವರಲ್ಲಿ ಶೇ 18ಕ್ಕೆ ಸಾಲ ತಂದರೆ ಎಂಟು ವರ್ಷದ ಉಳಿತಾಯದ ಇವತ್ತಿನ ಬೆಲೆ 28,500. ಮಾರಾಟದ ಅಂತರ ಹಿಡಿಯುವ ಮೊದಲೇ ನಷ್ಟ.

ಅಂದರೆ ಅದೇ ಗಾಡಿ, ಅದೇ ಓಡಾಟ, ಆದರೆ ಕೈಯಲ್ಲಿ ದುಡ್ಡಿದ್ದವರಿಗೆ ಸೋವಿ, ದುಬಾರಿ ಸಾಲ ಮಾಡುವವರಿಗೆ ತುಟ್ಟಿ. 'ಇವಿ ಜನಸಾಮಾನ್ಯರ ಗಾಡಿ' ಎನ್ನುವ ಭಾಷಣ ಕೇಳಿದಾಗ ಇದನ್ನು ನೆನೆಯಿರಿ. ಬೆಲೆಯ ಮೇಲಿನ ಸಬ್ಸಿಡಿ ಒಂದು ದಾರಿಯಾದರೆ, ಸಾಲದ ಬಡ್ಡಿ ಇಳಿಸುವುದು ಇನ್ನೊಂದು ದಾರಿ.

ಒಂದು ಎಚ್ಚರಿಕೆ: ಗಾಡಿಯ ಬೆಲೆಯನ್ನು ಪೂರ್ತಿ ಹಿಡಿದು, ಸಾಲದ ದರದಲ್ಲೇ ಡಿಸ್ಕೌಂಟ್ ಮಾಡಿ, ಮತ್ತೆ ಇಎಂಐ ಬಡ್ಡಿಯನ್ನೂ ಖರ್ಚಿಗೆ ಸೇರಿಸಬೇಡಿ. ಒಂದೇ ಬಡ್ಡಿಯನ್ನು ಎರಡು ಸಲ ಎಣಿಸಿದಂತಾಗುತ್ತದೆ.

ಗೃಹಜ್ಯೋತಿಯ 200ರ ಗೆರೆ

ಅಳಿಯನ ಲೆಕ್ಕ ಮುಗಿಯಿತು ಅಂದುಕೊಂಡಿದ್ದೆ. ಅಕ್ಕ ಹೆಸ್ಕಾಂ ಬಿಲ್ ತಂದು ಮುಂದಿಟ್ಟಳು. ತಿಂಗಳಿಗೆ 175 ಯೂನಿಟ್, ಬಿಲ್ ಸೊನ್ನೆ.

ಗೃಹಜ್ಯೋತಿ ನಿಯಮ ಗೊತ್ತಲ್ಲ: 2022-23ರ ಸರಾಸರಿಯ ಮೇಲೆ ಒಂದಿಷ್ಟು ಸೇರಿಸಿ ನಿಮ್ಮ ಉಚಿತ ಯೂನಿಟ್ ನಿಗದಿ ಮಾಡಿದ್ದಾರೆ. ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚಿನ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು.

ಅಳಿಯನ ಸ್ಕೂಟರ್ ತಿಂಗಳಿಗೆ 35 ಯೂನಿಟ್ ಎಳೆಯುತ್ತದೆ. 175 ಹೋಗಿ 210 ಆಯಿತು. ನಾನು ಹಿಡಿದಿದ್ದ 245 ರೂಪಾಯಿ ಬದಲು ನಿಗದಿತ ಶುಲ್ಕ ಸೇರಿ 1,700ರ ಹತ್ತಿರ ಬಿಲ್. ಬೇಸಿಗೆಯ ನಾಲ್ಕು ತಿಂಗಳು ಮಾತ್ರ ಹೀಗಾದರೂ ಎಂಟು ವರ್ಷದಲ್ಲಿ ಇವತ್ತಿನ ಬೆಲೆಗೆ 31,000 ಹೋಯಿತು. ವರ್ಷಪೂರ್ತಿ ಆದರೆ 93,000: ಅವನ 78,000 ಲಾಭ ಪೂರ್ತಿ ಮುಳುಗಿ ಮೇಲೆ ನಷ್ಟ. ಯಾವ ಕಂಪನಿಯ ಕ್ಯಾಲ್ಕುಲೇಟರ್ ಕೂಡ ಇದನ್ನು ನಿಮಗೆ ಕೇಳುವುದಿಲ್ಲ, ಯಾಕೆಂದರೆ ಅವು ಯೂನಿಟ್ ದರದಿಂದ ಗುಣಿಸಿ ಸುಮ್ಮನಾಗುತ್ತವೆ. ಹಾಗಾಗಿ ಗಾಡಿ ನೋಡುವ ಮೊದಲು ಹನ್ನೆರಡು ತಿಂಗಳ ಬಿಲ್ ನೋಡಿ. ತಿಂಗಳಿಗೆ 160 ಯೂನಿಟ್ ಒಳಗಿದ್ದರೆ ಅಳಿಯನಷ್ಟು ಓಡಿಸುವವರಿಗೂ ಭಯವಿಲ್ಲ. ಗೆರೆಯ ಹತ್ತಿರ ಇದ್ದರೆ, ಕೆಲಸದ ಜಾಗದಲ್ಲಿ ಚಾರ್ಜ್ ಮಾಡಲು ಬಿಡುತ್ತಾರಾ ಎಂದು ಮೊದಲು ಕೇಳಿ.

ಅಂತರ ಯಾರು ನಿರ್ಧರಿಸುತ್ತಾರೆ?

ಆ 30,000ದ ಅಂತರವೂ ಆಕಾಶದಿಂದ ಬಿದ್ದದ್ದಲ್ಲ. ಕೇಂದ್ರದ ಫೇಮ್-2 ಯೋಜನೆಯಲ್ಲಿ ಪ್ರತಿ ಕಿಲೋವ್ಯಾಟ್ ಅವರ್‌ಗೆ 15,000 ರೂಪಾಯಿ ಇದ್ದ ಸಬ್ಸಿಡಿ 2023ರ ಜೂನ್‌ನಲ್ಲಿ 10,000ಕ್ಕೆ, 2024ರ ಏಪ್ರಿಲ್‌ನಲ್ಲಿ 5,000ಕ್ಕೆ, ಪಿಎಂ ಇ-ಡ್ರೈವ್‌ನ ಎರಡನೇ ವರ್ಷ 2,500ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ಪೆಟ್ರೋಲ್ ಸ್ಕೂಟರ್‌ಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಬಂತು. ಎಲೆಕ್ಟ್ರಿಕ್‌ನದ್ದು ಶೇ 5ರಲ್ಲೇ ಉಳಿಯಿತು. ಎರಡೂ ಬದಲಾವಣೆ ಅಂತರವನ್ನು ಹಿಗ್ಗಿಸಿದವು. ದಿನಾ ಧಾರವಾಡಕ್ಕೆ ಓಡುವ ಅಳಿಯನಿಗೆ ಇದರಿಂದ ಲಾಭ ಕಡಿಮೆಯಾಗುತ್ತದೆ, ತೀರ್ಮಾನ ಬದಲಾಗುವುದಿಲ್ಲ. ಕಾಕುಗೆ ತೀರ್ಮಾನವೇ ಬದಲಾಗುತ್ತದೆ.

ಅಳಿಯ ಆಫೀಸಿನಲ್ಲಿ ಕೇಳಿದ, ಪಾರ್ಕಿಂಗ್‌ನಲ್ಲಿ ಪ್ಲಗ್ ಕೊಡುತ್ತಾರಂತೆ. ಎಲೆಕ್ಟ್ರಿಕ್ ಗಾಡಿ ಬುಕ್ ಮಾಡಿದ್ದಾನೆ. ಕಾಕು ಹೊಸ ಗಾಡಿಯ ವಿಚಾರವನ್ನೇ ಸದ್ಯಕ್ಕೆ ಬಿಟ್ಟರು. ಅವರ ಹಳೆ ಸ್ಕೂಟರ್ ಇನ್ನೂ ಎರಡು ವರ್ಷ ಓಡುತ್ತದೆ. "30,000 ಅಂತರ ಇಳೀತಂದ್ರ ಹೇಳು, ಅವಾಗ ನೋಡೂಣಂತ" ಅಂದರು. ಅವರ ಓಡಾಟಕ್ಕೆ, ಶೇ 10ರ ದರಕ್ಕೆ, ಬ್ಯಾಟರಿ ಎಂಟು ವರ್ಷ ಬಾಳಿದರೆ, ಆ ಅಂಕಿ 28,000.