ಕಿರ್ದಿಯಿಂದ ಪಿಡಿಎಫ್‌ವರೆಗೆ: ಶಿಲ್ಕು ಹಿಡಿದುಕೊಡುವ ತಪ್ಪು

ನಮ್ಮ ಕಡೆಯ ಹಳೆಯ ಅಂಗಡಿಗಳಲ್ಲಿ ಲೆಕ್ಕಕ್ಕೆ ಎರಡು ಪುಸ್ತಕಗಳಿರುತ್ತಿದ್ದವು. ವ್ಯವಹಾರ ನಡೆದ ಕ್ರಮದಲ್ಲೇ ದಿನದಿನವೂ ಬರೆದಿಡುವುದು ಕಿರ್ದಿ. ಅದರೊಳಗಿನ ಒಂದೊಂದೇ ಬಾಬನ್ನು ಎತ್ತಿ, ನೂಲು, ಕೂಲಿ, ಬಾಡಿಗೆ ಎಂದು ಆಯಾ ಖಾತೆಯಡಿ ಸೇರಿಸುವುದು ಖತಾವಣಿ. ಸಂಜೆ ಜಮಾದಲ್ಲಿ ಖರ್ಚು ಕಳೆದು ಉಳಿಯುವ ಮೊತ್ತಕ್ಕೆ ಶಿಲ್ಕು ಎಂದು ಹೆಸರು. ಅದು ತಿಜೋರಿಯ ಹಣಕ್ಕೆ ತಾಳೆಯಾಗದಿದ್ದರೆ ಗುಮಾಸ್ತ ಮನೆಗೆ ಹೋಗುವಂತಿರಲಿಲ್ಲ.

ಇಂದು ಕಿರ್ದಿ ಬರೆಯುವ ಕೆಲಸವನ್ನು ಬಹುಮಟ್ಟಿಗೆ ಬ್ಯಾಂಕೇ ಮಾಡುತ್ತದೆ. ಅದು ಪಿಡಿಎಫ್ ಕಡತವಾಗಿ ವ್ಯಾಪಾರಿಯ ಮೊಬೈಲಿಗೆ ಬರುತ್ತದೆ. ಅದನ್ನು ಖತಾವಣಿಯಾಗಿ ಮಾಡುವ ಕೆಲಸ ಮಾತ್ರ ಉಳಿದುಕೊಂಡಿದೆ. ಕಂಪ್ಯೂಟರ್ ಇದ್ದ ಮೇಲೆ ಇದು ಸುಲಭವಾಗಿರಬೇಕಲ್ಲ ಎಂದು ಯಾರಿಗಾದರೂ ಅನಿಸೀತು. ಹಾಗಾಗದಿರುವುದಕ್ಕೆ ಪಿಡಿಎಫ್ ಹುಟ್ಟಿದ ಬಗೆಯೇ ಕಾರಣ.

ಅಮೆರಿಕದ ಅಡೋಬಿ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಜಾನ್ ವಾರ್ನಾಕ್ 1991ರಲ್ಲಿ 'ಕ್ಯಾಮೆಲಾಟ್' ಎಂಬ ಯೋಜನೆಯನ್ನು ಮುಂದಿಟ್ಟರು. ಯಾವ ಯಂತ್ರದಲ್ಲಿ ತೆರೆದರೂ, ಯಾವ ಮುದ್ರಣ ಯಂತ್ರಕ್ಕೆ ಕಳಿಸಿದರೂ ಪುಟ ಒಂದೇ ರೀತಿ ಕಾಣಬೇಕೆಂಬುದು ಅದರ ಗುರಿ. 1993ರಲ್ಲಿ ಹೊರಬಂದ ಪಿಡಿಎಫ್ ಆ ಗುರಿಯನ್ನು ಸಾಧಿಸಿತು. ಆದರೆ ಅದು ನೆನಪಿಡುವುದು ಪುಟದ ರೂಪವನ್ನಷ್ಟೇ. ಈ ಅಕ್ಷರವನ್ನು ಎಡಗಡೆಯಿಂದ ಇಷ್ಟು ದೂರದಲ್ಲಿ, ಕೆಳಗಿನಿಂದ ಇಷ್ಟು ಎತ್ತರದಲ್ಲಿ ಮೂಡಿಸು ಎಂಬಂಥ ಸೂಚನೆಗಳ ಸರಮಾಲೆ ಅದು. ನಮ್ಮ ಕಣ್ಣಿಗೆ ಕಾಣುವ ಪಟ್ಟಿ ಸಾಮಾನ್ಯವಾಗಿ ಅದರೊಳಗೆ ಪಟ್ಟಿಯಾಗಿ ಇರುವುದಿಲ್ಲ. ಕಿರ್ದಿಯಲ್ಲಿ ಮೊದಲು ಗೆರೆ ಎಳೆದು ಆಮೇಲೆ ಅಂಕಿ ಬರೆಯುತ್ತಿದ್ದರು. ಇಲ್ಲಿ ಚೆಲ್ಲಿದ ಅಂಕಿಗಳನ್ನು ನೋಡಿ ಗೆರೆ ಎಲ್ಲಿತ್ತೆಂದು ಊಹಿಸಬೇಕು.

ಊಹಿಸಲು ಎರಡು ದಾರಿಗಳಿವೆ. ಪುಟದಲ್ಲಿ ಗೆರೆಗಳನ್ನು ಎಳೆದಿದ್ದರೆ ಅವು ಒಂದನ್ನೊಂದು ಕತ್ತರಿಸುವ ಜಾಗಗಳನ್ನು ಹಿಡಿದು ಮನೆಗಳನ್ನು ಗುರುತಿಸುವುದು ಒಂದು. ಗೆರೆಗಳಿಲ್ಲದಿದ್ದರೆ ಅಕ್ಷರಗಳ ನಡುವಿನ ಖಾಲಿ ಜಾಗವನ್ನು ಅಳೆದು ಕಂಬಸಾಲುಗಳನ್ನು ಕಂಡುಕೊಳ್ಳುವುದು ಇನ್ನೊಂದು. ವಾರ್ನಾಕರ ಯೋಜನೆಯ ಹೆಸರನ್ನೇ ಇಟ್ಟುಕೊಂಡು 2018ರಲ್ಲಿ ಬಂದ ಕ್ಯಾಮೆಲಾಟ್ ಎಂಬ ಉಚಿತ ತಂತ್ರಾಂಶದಲ್ಲಿ ಈ ಎರಡೂ ದಾರಿಗಳಿವೆ. ಪುಟವನ್ನು ಕೂಡಿಸಲು ಒಬ್ಬರಿಟ್ಟ ಹೆಸರನ್ನೇ ಅದನ್ನು ಬಿಡಿಸುವವರೂ ಇಟ್ಟುಕೊಂಡರು.

ಕೊಪ್ಪಳಕ್ಕೆ ಅಂಟಿಕೊಂಡಿರುವ, ನೇಕಾರಿಕೆಗೂ ಕೂದಲಿನ ವ್ಯಾಪಾರಕ್ಕೂ ಹೆಸರಾದ ಭಾಗ್ಯನಗರದ ಒಬ್ಬ ಸೀರೆ ವ್ಯಾಪಾರಿಯನ್ನು ಊಹಿಸಿಕೊಳ್ಳೋಣ. ಅವನಿಗೆ ಸಾಲ ಬೇಕು. ಒಂದು ವರ್ಷದ ವಹಿವಾಟನ್ನು ವಿಂಗಡಿಸಿ ತೋರಿಸಬೇಕು. ಆರಂಭದ ಶಿಲ್ಕು 20,000 ರೂಪಾಯಿ ಇದ್ದಾಗ ಅವನ ಪಿಡಿಎಫ್‌ನಿಂದ ತೆಗೆದ ಸಾಲುಗಳು ಹೀಗಿವೆ ಎನ್ನೋಣ:

```
05/04/2024 UPI/DR/KIRANI 1,250.00 18,750.00
STORES/Payment
06/04/2024 NEFT/CR/SAREE 40,000.00 58,750.00
08/04/2024 ATM WDL 10,000.00 48,750.00
```

ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯ ಬಾಬಿನ ವಿವರ ಎರಡನೆಯ ಸಾಲಿಗೆ ಹರಿದಿದೆ. ಹೊಸ ಸಾಲೆಂದರೆ ಹೊಸ ವ್ಯವಹಾರ ಎಂದು ಯಂತ್ರ ನಂಬಿದರೆ, ದಿನಾಂಕವೂ ಮೊತ್ತವೂ ಇಲ್ಲದ ಒಂದು ಬಾಬು ಹುಟ್ಟುತ್ತದೆ. ದಿನಾಂಕದಿಂದ ಶುರುವಾಗದ ಸಾಲನ್ನು ಹಿಂದಿನದಕ್ಕೆ ಸೇರಿಸಬೇಕೆಂಬುದು ಇದಕ್ಕೆ ಪರಿಹಾರ. ಪುಟ ತಿರುಗುವಲ್ಲಿ ಬರುವ ತಲೆಸಾಲು ಮತ್ತು ಪುಟಸಂಖ್ಯೆಗಳನ್ನು ಅದಕ್ಕೂ ಮೊದಲೇ ತೆಗೆದುಹಾಕಬೇಕು. ಇಲ್ಲದಿದ್ದರೆ ಅವೂ ವಿವರದೊಳಗೆ ಸೇರಿಹೋಗುತ್ತವೆ.

ಎರಡನೆಯ ತೊಡಕು ದೊಡ್ಡದು. ಖರ್ಚಿಗೂ ಜಮಾಕ್ಕೂ ಬೇರೆ ಬೇರೆ ಕಂಬಸಾಲುಗಳಿದ್ದವು. ಪ್ರತಿ ಸಾಲಿನಲ್ಲೂ ಒಂದು ಖಾಲಿ ಇತ್ತು. ಅಕ್ಷರಗಳನ್ನು ಎತ್ತಿದಾಗ ಆ ಖಾಲಿ ಕಳೆದುಹೋಯಿತು. ಈಗ 40,000 ಬಂದದ್ದೋ ಹೋದದ್ದೋ ಹೇಗೆ ತಿಳಿಯಬೇಕು? ಉತ್ತರ ಕೊಡುವುದು ಕೊನೆಯ ಶಿಲ್ಕಿನ ಸಾಲು. 18,750 ಇದ್ದದ್ದು 58,750 ಆಯಿತು. ಹಾಗಾದರೆ ಹಣ ಬಂದದ್ದೇ ಸರಿ. ಹಿಂದಿನ ಶಿಲ್ಕಿಗೆ ಜಮಾ ಕೂಡಿಸಿ ಖರ್ಚು ಕಳೆದರೆ ಇಂದಿನ ಶಿಲ್ಕು ಬರಬೇಕು ಎಂಬ ಗುಮಾಸ್ತನ ನಿಯಮವನ್ನೇ ಪ್ರತಿ ಸಾಲಿಗೂ ಹಚ್ಚಬೇಕು.

ತಾಳೆಯಾಗದಿದ್ದಾಗ ವ್ಯತ್ಯಾಸವೇ ತಪ್ಪಿನ ಬಗೆಯನ್ನು ಹೇಳುತ್ತದೆ. 40,000ವನ್ನು ಖರ್ಚೆಂದು ಓದಿದರೆ ವ್ಯತ್ಯಾಸ 80,000 ಬರುತ್ತದೆ, ಅಂದರೆ ಮೊತ್ತದ ಸರಿಯಾಗಿ ಎರಡರಷ್ಟು. ಆಗ ಬಾಬು ತಪ್ಪು ಬದಿಗೆ ಬಿದ್ದಿದೆಯೆಂದು ತಿಳಿಯಬೇಕು. 10,000ದ ಸಾಲೇ ಬಿಟ್ಟುಹೋಗಿದ್ದರೆ ವ್ಯತ್ಯಾಸ ಸರಿಯಾಗಿ 10,000. ಕೈಯಿಂದ ಟೈಪು ಮಾಡುವಾಗ 1,250 ಎನ್ನುವುದು 2,150 ಆದರೆ ವ್ಯತ್ಯಾಸ 900, ಅದು ಒಂಬತ್ತರಿಂದ ಭಾಗವಾಗುತ್ತದೆ. ಪಕ್ಕದ ಅಂಕಿಗಳು ಅದಲುಬದಲಾದಾಗಲೆಲ್ಲ ಹೀಗೇ ಆಗುತ್ತದೆ. ಇವು ಕಂಪ್ಯೂಟರು ಕಲಿಸಿದ ಉಪಾಯಗಳಲ್ಲ, ಹಳೆಯ ಲೆಕ್ಕಿಗರಿಗೆ ಗೊತ್ತಿದ್ದವೇ.

ಶಿಲ್ಕಿಗೂ ಒಂದು ಮಿತಿಯಿದೆ. ಅದು ಮೊತ್ತವನ್ನು ಕಾಯುತ್ತದೆ, ದಿನಾಂಕವನ್ನು ಕಾಯುವುದಿಲ್ಲ. ತಿಂಗಳನ್ನು ಮೊದಲು ಬರೆಯುವ ಅಮೆರಿಕದ ರೂಢಿಗೆ ಹೊಂದಿಸಿದ ತಂತ್ರಾಂಶ 05/04/2024ನ್ನು ಮೇ 4 ಎಂದು ಓದಿದರೂ ಶಿಲ್ಕು ತಾಳೆಯಾಗುತ್ತದೆ. ದಿನಾಂಕಗಳು ಹಿಂದೆ ಮುಂದೆ ಜಿಗಿಯುತ್ತಿವೆಯೇ ಎಂದು ಬೇರೆಯಾಗಿಯೇ ನೋಡಬೇಕು. ಹೋದ ಹಣ ಅದೇ ದಿನ ಮರಳಿ ಬಂದಿದ್ದು, ಆ ಎರಡು ಸಾಲುಗಳೂ ಒಟ್ಟಿಗೆ ಬಿಟ್ಟುಹೋಗಿದ್ದರೆ ಅದೂ ಶಿಲ್ಕಿಗೆ ತಿಳಿಯುವುದಿಲ್ಲ.

ಸಾಲುಗಳು ಶುದ್ಧವಾದ ಮೇಲೆ ಖತಾವಣಿ. ವಿವರದಲ್ಲಿ ಇಂಥ ಪದ ಕಂಡರೆ ಇಂಥ ಖಾತೆ ಎಂಬ ನಿಯಮಗಳನ್ನು ಬರೆದಿಡುತ್ತಾರೆ. ನಮ್ಮ ಭಾಗದ ಬ್ಯಾಂಕುಗಳ ಚರಿತ್ರೆ ಈ ನಿಯಮಗಳನ್ನು ಆಗಾಗ ಮುರಿಯುತ್ತದೆ. ನಿಜಾಮರ ಕಾಲದಲ್ಲಿ, 1941ರಲ್ಲಿ ಸ್ಥಾಪನೆಯಾದ ಹೈದರಾಬಾದಿನ ಬ್ಯಾಂಕು ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಗಿ, 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು. ಶಾಖೆಗಳ ಸಂಕೇತದ ಮೊದಲಿಗಿದ್ದ `SBHY` ಹೋಗಿ `SBIN` ಬಂತು. ತುಂಗಭದ್ರಾ ಗ್ರಾಮೀಣ ಬ್ಯಾಂಕು 2005ರಲ್ಲಿ ಪ್ರಗತಿ, 2013ರಲ್ಲಿ ಪ್ರಗತಿ ಕೃಷ್ಣಾ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕು ಎಂದಾಯಿತು. ಹಳೆಯ ಸಂಕೇತ ನೋಡಿ ಗಿರಾಕಿಯನ್ನು ಗುರುತಿಸುತ್ತಿದ್ದ ನಿಯಮ ಸಂಕೇತ ಬದಲಾದೊಡನೆ ಅವನನ್ನು ಅಪರಿಚಿತನನ್ನಾಗಿ ಮಾಡುತ್ತದೆ.

ಎಲ್ಲಕ್ಕಿಂತ ಹಾನಿಕರ ತಪ್ಪೆಂದರೆ ಸ್ವಂತ ಹಣವನ್ನು ಮಾರಾಟವೆಂದು ಎಣಿಸುವುದು. ನಮ್ಮ ಸೀರೆ ವ್ಯಾಪಾರಿ ತನ್ನದೇ ಇನ್ನೊಂದು ಖಾತೆಯಿಂದ 40,000 ತಂದಿದ್ದರೆ ಅದು ವಹಿವಾಟಲ್ಲ. ಅದನ್ನು ಗುರುತಿಸಲು ಒಂದು ಖಾತೆಯ ಪಿಡಿಎಫ್ ಸಾಲದು. ಎರಡನ್ನೂ ಪಕ್ಕಪಕ್ಕ ಇಟ್ಟು, ಅದೇ ಮೊತ್ತ ಅತ್ತ ಖರ್ಚಾಗಿ ಇತ್ತ ಜಮಾ ಆಗಿದೆಯೇ ಎಂದು ಜೋಡಿ ಹುಡುಕಬೇಕು. ಇಲ್ಲದಿದ್ದರೆ ಇಲ್ಲದ ಮಾರಾಟದ ಮೇಲೆ ಹೊರಲಾರದ ಸಾಲ ಸಿಕ್ಕೀತು.

ಎಟಿಎಂನಿಂದ ತೆಗೆದ 10,000 ನೇಕಾರರ ಕೂಲಿಗೆ ಹೋಯಿತೋ ಮನೆಯ ಸಂತೆಗೆ ಹೋಯಿತೋ ಯಾವ ಪಿಡಿಎಫ್‌ನಲ್ಲೂ ಇರುವುದಿಲ್ಲ. ಇಂಥ ಬಾಬುಗಳಿಗೆ ಹಳೆಯ ಗುಮಾಸ್ತರು ಅನಾಮತ್ತು ಖಾತೆ ಇಟ್ಟಿದ್ದರು. ಗೊತ್ತಾಗುವವರೆಗೆ ಮೊತ್ತ ಅಲ್ಲಿಯೇ ಇರಬೇಕು, ಅಂದಾಜಿನ ಮೇಲೆ ಬೇರೆ ಖಾತೆಗೆ ತಳ್ಳುವಂತಿಲ್ಲ. ಕಂಪ್ಯೂಟರಿನ ಖತಾವಣಿಗೂ ಆ ಖಾತೆ ಬೇಕು. ಅದರಲ್ಲಿ ಉಳಿದ ಸಾಲುಗಳಿಗೆ ಉತ್ತರ ಕೊಡಬಲ್ಲವನು ಹಣ ತೆಗೆದ ವ್ಯಾಪಾರಿಯೊಬ್ಬನೇ.