ಹದಿಮೂರು ಕಂತಿನ ಲೆಕ್ಕ: ಧಾರಾವಾಹಿಯ ನಾಲ್ಕು ರೂಪಗಳು ಮತ್ತು ನೋಡುಗರ ಸಮಯ

ಹಳಿಯಾಳದ ಮನೆಗಳಲ್ಲಿ ಸಂಜೆಯ ಟೀವಿ ಕನ್ನಡದಲ್ಲೂ ಮರಾಠಿಯಲ್ಲೂ ಹಿಂದಿಯಲ್ಲೂ ಮಾತಾಡುತ್ತದೆ. ಈಗ ಅದರ ಜೊತೆಗೆ ಫೋನಿನ ವೆಬ್ ಸರಣಿಗಳೂ ಸೇರಿವೆ. ಪಟ್ಟಿಯಲ್ಲಿ ಎಲ್ಲವೂ ಒಂದೇ ಅಳತೆಯ ಚಿತ್ರಪಟಗಳಾಗಿ ಸಾಲುಗಟ್ಟಿರುತ್ತವೆ. ಎರಡೂವರೆ ಗಂಟೆಯಲ್ಲಿ ಮುಗಿಯುವುದೂ ಐದು ವರ್ಷ ಹಿಡಿಯುವುದೂ ನೋಟಕ್ಕೆ ಒಂದೇ. ಮಿನಿ ಸರಣಿ, ಲಿಮಿಟೆಡ್ ಸರಣಿ, ಆಂಥಾಲಜಿ, ಮುಂದುವರಿಯುವ ಧಾರಾವಾಹಿ ಎಂಬ ವಿಂಗಡಣೆಯನ್ನು ಕಥಾವಸ್ತುವಿನ ಮೇಲೆ ಮಾಡಿದ್ದೆಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಇತಿಹಾಸ ನೋಡಿದರೆ ಅದು ಬೇರೆ ಪ್ರಶ್ನೆಯಿಂದ ಹುಟ್ಟಿದ್ದು: ಕಂತುಗಳ ಸಂಖ್ಯೆಯನ್ನು ಯಾರು, ಯಾವಾಗ ಗೊತ್ತುಮಾಡುತ್ತಾರೆ? ಈ ಲೇಖನದ ವಾದ ಇಷ್ಟೇ. ಕಥೆ ಶುರುವಾಗುವ ಮೊದಲೇ ಸಂಖ್ಯೆ ನಿಂತಿದ್ದರೆ ನೋಡುಗನ ಹೊತ್ತೂ ನಿಂತಿರುತ್ತದೆ. ಇಲ್ಲವಾದರೆ ಅದು ಇನ್ನೊಬ್ಬರ ಕೈಯಲ್ಲಿರುತ್ತದೆ.

ನಮ್ಮಲ್ಲಿ ಈ ಲೆಕ್ಕ ಮೊದಲು ಕಟ್ಟಿದ್ದು ದೂರದರ್ಶನ. ಎಂಬತ್ತರ ದಶಕದಲ್ಲಿ ಪ್ರಾಯೋಜಿತ ಧಾರಾವಾಹಿಗಳಿಗೆ ಹದಿಮೂರು ಕಂತುಗಳ ಗುಂಪಿನಲ್ಲಿ ಒಪ್ಪಿಗೆ ಸಿಗುತ್ತಿತ್ತು. ವಾರಕ್ಕೊಂದು ಕಂತಾದರೆ ಹದಿಮೂರು ಅಂದರೆ ಕಾಲು ವರ್ಷ. ಹೀಗಾಗಿ 13, 26, 39, 52 ಎಂಬ ಸಂಖ್ಯೆಗಳು ಆ ಕಾಲದ ಧಾರಾವಾಹಿಗಳ ಹಿಂದೆ ಮತ್ತೆ ಮತ್ತೆ ಸಿಗುತ್ತವೆ. 1987ರ ಜನವರಿಯಲ್ಲಿ ಆರಂಭವಾದ ‘ರಾಮಾಯಣ’ ಮೊದಲು 52 ಕಂತುಗಳಿಗೆ ಗೊತ್ತಾಗಿತ್ತು. ಜನ ಬಿಡದೆ ನೋಡಿದ್ದರಿಂದ 78ರವರೆಗೆ ಬೆಳೆಯಿತು. ಸಂಖ್ಯೆ ಗಟ್ಟಿಯಾಗಿದ್ದ ಕಾಲದಲ್ಲೂ ಜನಪ್ರಿಯತೆ ಅದನ್ನು ಅಲುಗಿಸಬಲ್ಲದು ಎಂಬುದಕ್ಕೆ ಇದು ಮೊದಲ ದೊಡ್ಡ ಸಾಕ್ಷಿ.

ಅದರ ಮಗ್ಗುಲಲ್ಲೇ 1988ರ ‘ತಮಸ್’ ಇದೆ. ಭೀಷ್ಮ ಸಾಹ್ನಿ ಅವರ ಕಾದಂಬರಿಯನ್ನು ಗೋವಿಂದ ನಿಹಲಾನಿ ಸುಮಾರು ಐದು ಗಂಟೆಯ ಚಿತ್ರವಾಗಿ ತೆಗೆದರು. ದೂರದರ್ಶನ ಅದನ್ನು ಕೆಲವೇ ಭಾಗಗಳಲ್ಲಿ ತೋರಿಸಿ ಮುಗಿಸಿತು. ಮಿನಿ ಸರಣಿಗೆ ಇದಕ್ಕಿಂತ ಚೊಕ್ಕ ಮಾದರಿ ಸಿಗುವುದು ಕಷ್ಟ. ಕಾದಂಬರಿ ಎಲ್ಲಿ ನಿಲ್ಲುತ್ತದೋ ಸರಣಿಯೂ ಅಲ್ಲೇ ನಿಲ್ಲುತ್ತದೆ. ಹಿಗ್ಗಿಸಲು ಜಾಗವೇ ಇಲ್ಲ.

ಕನ್ನಡಿಗರ ಪಾಲಿಗೆ ಇನ್ನೂ ಹೆಚ್ಚು ಕಲಿಸುವ ಉದಾಹರಣೆ ‘ಮಾಲ್ಗುಡಿ ಡೇಸ್’. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದರು, ನಿರ್ಮಾಪಕರು ಟಿ.ಎಸ್. ನರಸಿಂಹನ್. ಶಂಕರ್‌ನಾಗ್ ನಿರ್ದೇಶಿಸಿದ ಕಂತುಗಳು 39, ಅಂದರೆ ಹದಿಮೂರರ ಮೂರು ಗುಂಪು. ಪ್ರತಿ ಕಂತು ಸುಮಾರು 22 ನಿಮಿಷ. ಎಲ್ಲವನ್ನೂ ನೋಡುವುದಾದರೆ ಹದಿನಾಲ್ಕು ಗಂಟೆಗೆ ಸ್ವಲ್ಪ ಹೆಚ್ಚು ಬೇಕು. ಆದರೆ ಈ ಹದಿನಾಲ್ಕು ಗಂಟೆಯನ್ನು ಯಾರೂ ಒಟ್ಟಿಗೆ ಕೊಡಬೇಕಾಗಿಲ್ಲ. ಬಹುಪಾಲು ಕಂತುಗಳಲ್ಲಿ ಕಥೆ ಅಂದೇ ತೊಡಗಿ ಅಂದೇ ತೀರುತ್ತದೆ, ಪಾತ್ರಗಳೂ ಬದಲಾಗುತ್ತವೆ. ಉಳಿಯುವುದು ಊರು, ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳು, ಎಲ್. ವೈದ್ಯನಾಥನ್ ಅವರ ರಾಗ. ಇದು ಆಂಥಾಲಜಿ. ಇಲ್ಲಿ ನೋಡುಗ ಒಪ್ಪಿಕೊಳ್ಳುವುದು 22 ನಿಮಿಷವನ್ನು ಮಾತ್ರ.

ಆದರೂ ಅದರೊಳಗೇ ಒಂದು ಮಡಿಕೆ ಇದೆ. ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ, ಗಿರೀಶ ಕಾರ್ನಾಡರು ಅವನ ತಂದೆಯಾಗಿ ನಟಿಸಿದ ಭಾಗ ಹಲವು ಕಂತುಗಳಲ್ಲಿ ಹರಿಯುವ ಒಂದೇ ಕಥೆ. ಅನಂತನಾಗ್ ನಟಿಸಿದ ಮಿಠಾಯಿ ವ್ಯಾಪಾರಿಯ ಕಥೆಯೂ ಹಾಗೆಯೇ. ಇವೆರಡೂ ಆಂಥಾಲಜಿಯ ಹೊಟ್ಟೆಯಲ್ಲಿ ಕೂತ ಮಿನಿ ಸರಣಿಗಳು. ಇವನ್ನು ನಡುವಿನಿಂದ ಹಿಡಿದರೆ ಎಳೆ ತಪ್ಪುತ್ತದೆ. ಸರಣಿಯ ಹೆಸರಿಗೆ ಅಂಟಿಸಿದ ಒಂದು ಗುರುತು ಅದರ ಎಲ್ಲ ಕಂತುಗಳಿಗೂ ಸಲ್ಲುವುದಿಲ್ಲ ಎಂಬುದನ್ನು ನಾವು ಎಂಬತ್ತರ ದಶಕದಲ್ಲೇ ನೋಡಿದ್ದೆವು. ಇಂದಿನ ವಿವರಣೆಗಳು ಇದನ್ನು ಮರೆತೇಬಿಟ್ಟಿವೆ.

ಖಾಸಗಿ ವಾಹಿನಿಗಳು ಬಂದ ಮೇಲೆ ಹದಿಮೂರರ ಕಟ್ಟು ಸಡಿಲವಾಯಿತು. ವಾರಕ್ಕೊಂದು ಇದ್ದದ್ದು ವಾರಕ್ಕೆ ಐದಾಯಿತು, ಮುಂದುವರಿಸುವ ತೀರ್ಮಾನ ಟಿಆರ್‌ಪಿಯ ಪಾಲಾಯಿತು. 22 ನಿಮಿಷದ ದಿನವಹಿ ಧಾರಾವಾಹಿಗೆ ವರ್ಷಕ್ಕೆ 260 ಕಂತು ಎಂದಿಟ್ಟುಕೊಂಡರೆ 95 ಗಂಟೆ, ಜಾಹೀರಾತು ಬಿಟ್ಟು. ಕಲರ್ಸ್ ಕನ್ನಡದ ‘ಅಗ್ನಿಸಾಕ್ಷಿ’ 1,500 ಕಂತು ದಾಟಿತು. ಅದೇ ಲೆಕ್ಕದಲ್ಲಿ 550 ಗಂಟೆಗೂ ಹೆಚ್ಚು. ಮುಂದುವರಿಯುವ ಧಾರಾವಾಹಿಯ ನಿಜವಾದ ಗುಣ ಈ ಉದ್ದವಲ್ಲ, ಕೊನೆಯ ಅನಿಶ್ಚಯ. ಟಿ.ಎನ್. ಸೀತಾರಾಮ್ ಅವರ ‘ಮಗಳು ಜಾನಕಿ’ 2018ರಲ್ಲಿ ಆರಂಭವಾಗಿ, 2020ರ ಕೊರೊನಾ ಲಾಕ್‌ಡೌನಿನ ಹೊತ್ತಿಗೆ ನಿಂತಿತು. ಹಿಗ್ಗಬಹುದಾದದ್ದು ಹಾಗೆಯೇ ನಡುವೆ ಕಡಿದೂ ಹೋಗಬಹುದು. ಎರಡು ವರ್ಷ ಕೂತು ನೋಡಿದವರಿಗೆ ಇದು ಸಣ್ಣ ನಷ್ಟವಲ್ಲ.

ಮಿನಿ ಮತ್ತು ಲಿಮಿಟೆಡ್ ನಡುವಿನ ಗೆರೆ ತೆಳ್ಳಗಿದೆ. ಅಮೆರಿಕದ ಎಮ್ಮಿ ಪ್ರಶಸ್ತಿಯಲ್ಲಿ ‘ಮಿನಿ ಸರಣಿ’ ಎಂದಿದ್ದ ವಿಭಾಗ 2015ರಲ್ಲಿ ‘ಲಿಮಿಟೆಡ್ ಸರಣಿ’ ಎಂದಾಯಿತು, 2021ರಲ್ಲಿ ಆಂಥಾಲಜಿಯನ್ನೂ ಹೆಸರಿಗೆ ಸೇರಿಸಿಕೊಂಡಿತು. ಎರಡಕ್ಕಿಂತ ಕಡಿಮೆಯಿಲ್ಲದ ಕಂತು, ಒಟ್ಟು 150 ನಿಮಿಷವಾದರೂ ಇರುವ ಅವಧಿ, ಪೂರ್ಣಗೊಳ್ಳುವ ಕಥೆ, ಮುಂದಿನ ಸೀಸನ್ನಿಗೆ ದಾಟದ ಕಥೆ ಮತ್ತು ಮುಖ್ಯಪಾತ್ರಗಳು ಎಂಬುವು ಅಲ್ಲಿನ ಷರತ್ತುಗಳು. ಬಳಕೆಯಲ್ಲಿ ಮಿನಿ ಅನ್ನುವುದು ಚಿಕ್ಕದನ್ನು ಸೂಚಿಸುತ್ತದೆ, ಲಿಮಿಟೆಡ್ ಅನ್ನುವುದು ಮುಗಿಯುವುದನ್ನು. ಆ ಮಾತೂ ಪೂರ್ತಿ ಭದ್ರವಲ್ಲ: ‘ಬಿಗ್ ಲಿಟಲ್ ಲೈಸ್’ 2017ರಲ್ಲಿ ಲಿಮಿಟೆಡ್ ವಿಭಾಗದ ಪ್ರಶಸ್ತಿ ಪಡೆದು 2019ರಲ್ಲಿ ಎರಡನೆಯ ಸೀಸನ್ನಿನೊಂದಿಗೆ ಮರಳಿತು. ‘ರಾಮಾಯಣ’ದ 52ಕ್ಕೆ ಆದದ್ದೇ ಇದಕ್ಕೂ ಆಯಿತು.

ಕನ್ನಡದ ವೆಬ್ ಸರಣಿಗಳಲ್ಲಿ ಎರಡು ಹೋಲಿಕೆಗೆ ತಕ್ಕವು. ರಕ್ಷಿತ್ ಶೆಟ್ಟಿ ಅವರ ಪರಂವಃ ಸಂಸ್ಥೆ 2024ರಲ್ಲಿ ಹೊರತಂದ ‘ಏಕಂ’ನಲ್ಲಿ ಏಳು ಕಂತುಗಳಿವೆ, ಕರಾವಳಿಯ ನೆಲದ ಏಳು ಬೇರೆ ಕಥೆಗಳು. ಝೀ5ರಲ್ಲಿ 2025ರಲ್ಲಿ ಬಂದ, ರಮೇಶ್ ಇಂದಿರಾ ನಿರ್ದೇಶನದ ‘ಅಯ್ಯನ ಮನೆ’ಗೂ ಏಳೇ ಕಂತು. ಆದರೆ ಕಥೆ ಒಂದೇ, ಒಟ್ಟಾರೆ ಒಂದು ಉದ್ದನೆಯ ಸಿನಿಮಾದಷ್ಟು ಹೊತ್ತು. ಸಂಖ್ಯೆ ಒಂದೇ ಆದರೂ ಮೊದಲನೆಯದನ್ನು ಎರಡು ಕಂತಿಗೆ ಬಿಟ್ಟರೂ ಎರಡು ಕಥೆ ಪೂರ್ತಿ ಸಿಕ್ಕಿರುತ್ತವೆ. ಎರಡನೆಯದನ್ನು ಹಾಗೆ ಬಿಟ್ಟರೆ ರಹಸ್ಯದ ಹೊಸ್ತಿಲಲ್ಲೇ ನಿಂತಂತೆ.

ಹಾಗಾಗಿ ಹುಡುಕುವಾಗ ಕಣ್ಣು ಮೊದಲು ಹೋಗಬೇಕಾದದ್ದು ಕಂತುಗಳ ಪಟ್ಟಿಗೆ. ನೆಟ್‌ಫ್ಲಿಕ್ಸ್‌ನಲ್ಲಿ ಸೀಸನ್ನುಗಳ ಸಂಖ್ಯೆ ಇರುವ ಜಾಗದಲ್ಲಿ `Limited Series` ಎಂದಿದ್ದರೆ ತಯಾರಕರು ಕೊನೆಯನ್ನು ಗೊತ್ತುಮಾಡಿದ್ದಾರೆಂದು ಅರ್ಥ. `Season 1` ಎಂದಷ್ಟೇ ಇದ್ದರೆ ಎರಡನೆಯದರ ಬಾಗಿಲು ತೆರೆದಿದೆ. ಆಮೇಲೆ ಮೊದಲ ಮೂರು ಕಂತುಗಳ ಸಾರಾಂಶ ಓದಬೇಕು. ಪಾತ್ರಗಳ ಹೆಸರು ಪ್ರತಿ ಸಲ ಬದಲಾದರೆ ಅದು ಕಂತಿಗೊಂದು ಕಥೆಯ ಆಂಥಾಲಜಿ. ಸೀಸನ್ನಿಗೊಂದು ಕಥೆಯದೂ ಇದೆ: 2020ರ ‘ಸ್ಕ್ಯಾಮ್ 1992’ ಹತ್ತು ಕಂತುಗಳಲ್ಲಿ ಹರ್ಷದ್ ಮೆಹ್ತಾನ ಕಥೆ ಮುಗಿಸಿತು, 2023ರ ‘ಸ್ಕ್ಯಾಮ್ 2003’ ತೆಲಗಿಯ ಛಾಪಾಕಾಗದದ ಹಗರಣ. ಹಿಂದಿನದನ್ನು ನೋಡದೆಯೂ ಇದನ್ನು ಹಿಡಿಯಬಹುದು. ‘ಡೆಲ್ಲಿ ಕ್ರೈಮ್’ನಲ್ಲೂ ಸೀಸನ್ನಿಗೊಂದು ಪ್ರಕರಣವಿದೆ; ಆದರೆ ವರ್ತಿಕಾ ಚತುರ್ವೇದಿ ಮತ್ತವಳ ತಂಡ ಮುಂದೆಯೂ ಬರುವುದರಿಂದ ಅದು ಆಂಥಾಲಜಿಯಲ್ಲ. ಹೆಚ್ಚಿನ ಗೊಂದಲ ಇಂಥಲ್ಲೇ.

ಜೋಯಿಡಾದ ಕಾಡಿನಂಚಿನ ಊರುಗಳಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗದವರು ದಾಂಡೇಲಿಗೋ ಹಳಿಯಾಳಕ್ಕೋ ಬಂದಾಗಲೇ ಕಂತುಗಳನ್ನು ಇಳಿಸಿಕೊಳ್ಳುವುದುಂಟು. ಅವರಿಗೆ ಈ ವಿಂಗಡಣೆ ಫೋನಿನ ಜಾಗದ ಲೆಕ್ಕವೂ ಹೌದು. ಇಳಿಸಿದ ಕಂತುಗಳಿಗೆ ಅನೇಕ ಆ್ಯಪ್‌ಗಳಲ್ಲಿ ಗಡುವಿರುತ್ತದೆ, ನೋಡಲು ಶುರುಮಾಡಿದ ಮೇಲೆ ಕೆಲವಕ್ಕೆ ಅದು ಇನ್ನೂ ಕಿರಿದಾಗುತ್ತದೆ. ಮಿನಿ ಸರಣಿಯಾದರೆ ಎಲ್ಲ ಕಂತುಗಳನ್ನೂ ಒಮ್ಮೆಗೇ ಒಯ್ಯಬೇಕು. ‘ಏಕಂ’ನಂಥದ್ದಾದರೆ ಜಾಗವಿದ್ದಷ್ಟು ಸಾಕು, ಯಾವ ಕಂತಾದರೂ ನಡೆಯುತ್ತದೆ.