ಅವಧಿ ತೀರಿದ ಆಟಗಳು

ಹಳೆಯ ಡಿಜಿಟಲ್ ಆಟವೊಂದು ಅಂತರ್ಜಾಲದ ಅಂಗಡಿಯಿಂದ ಮರೆಯಾದೊಡನೆ ಅದನ್ನು ತಯಾರಕರ ದುರಾಸೆಯೆಂದು ನಿಂದಿಸಿ, ಎಮ್ಯುಲೇಟರ್ ಇದ್ದೇ ಇದೆಯಲ್ಲ ಎಂದು ಸಮಾಧಾನ ಹೊಂದುವ ರೂಢಿ ಈಚೆಗೆ ಬೆಳೆದಿದೆ. ಈ ಉದ್ಯಮದಲ್ಲಿ ಬಹುಕಾಲ ದುಡಿದ ನನಗೆ ಇವೆರಡೂ ಅರ್ಧಸತ್ಯಗಳೆಂದೇ ತೋರುತ್ತವೆ.

ಆದಿಕಾಲದ ಕಥೆ ದೀರ್ಘವಾದುದಲ್ಲ. ಆಟವು ಕಾರ್ಟ್ರಿಜ್ಜಿನಲ್ಲಿಯೋ ಸೀಡಿಯಲ್ಲಿಯೋ ಅಡಕವಾಗಿದ್ದಷ್ಟು ಕಾಲ, ಮಾರಾಟ ನಿಂತರೂ ಕೊಂಡವನ ಪ್ರತಿ ಕೊಂಡವನಲ್ಲಿಯೇ ಉಳಿಯುತ್ತಿತ್ತು. ಹಳೆಯ ಯಂತ್ರದ ನಡೆಯನ್ನು ಹೊಸ ಯಂತ್ರದಲ್ಲಿ ಅನುಕರಿಸುವ ಎಮ್ಯುಲೇಟರಿಗೆ ಆ ಪ್ರತಿಯೊಂದು ದೊರೆತರೆ ಸಾಕಾಗುತ್ತಿತ್ತು. ಆರ್.ಟಿ. ನಗರ, ಯಲಹಂಕಗಳ ಸೈಬರ್ ಕೆಫೆಗಳಲ್ಲಿ ಬೆಳೆದ ಪೀಳಿಗೆಗೆ ಚಿರಪರಿಚಿತವಾದ ವೈಸ್ ಸಿಟಿಯು 2012ರ ನವೆಂಬರಿನಲ್ಲಿ, ಹಾಡಿನ ಹಕ್ಕಿನ ತಕರಾರಿನಿಂದಾಗಿ ಎಂಬ ವರದಿಗಳ ನಡುವೆ, ಸ್ಟೀಮ್ ಅಂಗಡಿಯಿಂದ ಇಳಿದು, 2013ರ ಜನವರಿಯಲ್ಲಿ ಕೆಲವು ಹಾಡುಗಳನ್ನು ಕಳೆದುಕೊಂಡು ಮರಳಿತು. ಆಟದ ಪೂರ್ಣಪಾಠಕ್ಕೆ ಇಂದು ಸಾಕ್ಷಿಯಾಗಿರುವುದು ಅಂಗಡಿಯ ಪ್ರತಿಯಲ್ಲ, ಹಳೆಯ ಸೀಡಿ.

ನಮ್ಮ ನಗರಕ್ಕೆ ಇನ್ನೂ ಹತ್ತಿರದ ನಿದರ್ಶನ ಫೋರ್ಜಾ ಎಂಬ ಕಾರ್ ಪಂದ್ಯದ ಸರಣಿ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿ, 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆಗೆ ಸೇರಿಹೋದ ಧ್ರುವ ಇಂಟರ್‌ಆ್ಯಕ್ಟಿವ್ ಈ ಸರಣಿಗೆ ಕಾರುಗಳ ಮಾದರಿಗಳನ್ನು ರೂಪಿಸಿಕೊಟ್ಟ ಸಂಸ್ಥೆಗಳಲ್ಲೊಂದು. ಈ ಕಸುಬಿನ ಶ್ರಮವನ್ನು ಹೊರಗಿನವರು ಅರಿತದ್ದು ಕಡಿಮೆ. ಛಾಯಾಚಿತ್ರಗಳನ್ನೂ ಅಳತೆಗಳನ್ನೂ ಮುಂದಿಟ್ಟುಕೊಂಡು ಸಾವಿರಾರು ಸಣ್ಣ ಮುಖಗಳಿಂದ ಮೈಕಟ್ಟನ್ನು ಹೆಣೆದು, ಒಳಾಂಗಣದ ಹೊಲಿಗೆಯವರೆಗೆ ತಿದ್ದಿ, ದೂರದಿಂದ ಕಾಣುವಾಗಿನ ಸರಳ ರೂಪಗಳನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕು. ನಮ್ಮ ಕಾಲದ ಬೆಂಗಳೂರು ಆಟಗಳ ಲೋಕಕ್ಕಿತ್ತ ಶ್ರೇಷ್ಠ ಕಾಣಿಕೆ ಇದೇ ಎಂದು ನಾನು ಭಾವಿಸುತ್ತೇನೆ.

ಆದರೆ ಆ ಕಾರಿನ ಹೆಸರು, ಲಾಂಛನ, ಆಕೃತಿಗಳು ಕಾರ್ ತಯಾರಕರ ಸ್ವತ್ತು. ಆಟಕ್ಕೆ ಅವು ದೊರೆಯುವುದು ನಿಯತ ಅವಧಿಯ ಪರವಾನಗಿಯ ಮೇಲೆ ಮಾತ್ರ. 2017ರ ಫೋರ್ಜಾ ಮೋಟರ್‌ಸ್ಪೋರ್ಟ್ 7ರಲ್ಲಿ 700ಕ್ಕೂ ಹೆಚ್ಚು ಕಾರುಗಳಿದ್ದವು. ಅವಧಿ ಮುಗಿದಾಗ ಹತ್ತಾರು ತಯಾರಕರೊಡನೆ ಮತ್ತೆ ಒಪ್ಪಂದ ಮಾಡಿಕೊಳ್ಳುವಷ್ಟು ಆದಾಯ ಹಳೆಯ ಆಟದಿಂದ ಬಾರದು; ಹಾಡೊಂದನ್ನು ತೆಗೆದಂತೆ ಕಾರೊಂದನ್ನು ತೆಗೆದರೆ ಅದನ್ನೇ ಆಧರಿಸಿದ ಪಂದ್ಯಗಳೂ ಆಟಗಾರರು ಕೂಡಿಟ್ಟ ಸಂಗ್ರಹವೂ ಕೆಡುವುವು. ಆದುದರಿಂದ ಆ ಆಟ 2021ರ ಸೆಪ್ಟೆಂಬರ್ 15ರಂದು ಮಾರಾಟದಿಂದ ಇಳಿಯಿತು. ಫೋರ್ಜಾ ಹೊರೈಜನ್ 4ರಲ್ಲಿ ಕ್ರಮ ಇನ್ನೂ ಸ್ಪಷ್ಟವಾಗಿ ಕಂಡಿತು: 2024ರ ಜೂನ್ 25ರಂದು ಹೆಚ್ಚುವರಿ ಭಾಗಗಳ ಮಾರಾಟ ನಿಂತು, ಡಿಸೆಂಬರ್ 15ರಂದು ಆಟವೇ ಇಳಿಯಿತು. ಮುಖ್ಯ ಆಟಕ್ಕಿಂತ ಮೊದಲು ಹೆಚ್ಚುವರಿ ಭಾಗಗಳು ಅಂಗಡಿಯಿಂದ ಇಳಿದರೆ, ಆಟದ ಸರದಿಯೂ ಸಮೀಪಿಸಿತೆಂದು ಬಲ್ಲವರು ಊಹಿಸುತ್ತಾರೆ.

ಮಾರಾಟ ನಿಲ್ಲುವುದೂ ಆಟ ನಿಲ್ಲುವುದೂ ಒಂದೇ ಅಲ್ಲ. ಫೋರ್ಜಾವನ್ನು ಮೊದಲೇ ಕೊಂಡವರು ಅದನ್ನು ಮತ್ತೆ ಇಳಿಸಿಕೊಂಡು ಆಡಬಹುದಾಗಿತ್ತು. ಯೂಬಿಸಾಫ್ಟಿನ ದಿ ಕ್ರೂ ಆಟಕ್ಕೆ ಹಾಗಾಗಲಿಲ್ಲ. 2023ರ ಡಿಸೆಂಬರಿನಲ್ಲಿ ಮಾರಾಟ ನಿಂತು, 2024ರ ಮಾರ್ಚ್ 31ರಂದು ಸರ್ವರುಗಳೂ ನಿಂತುದರಿಂದ, ಹಣ ತೆತ್ತವರ ಕಡತಗಳೆಲ್ಲ ನಿಷ್ಪ್ರಯೋಜಕವಾದವು. ಇಂಥಲ್ಲಿ ಯಂತ್ರವನ್ನು ಅನುಕರಿಸಿ ಫಲವಿಲ್ಲ, ಕಣ್ಮರೆಯಾದ ಸರ್ವರನ್ನೇ ಅನುಕರಿಸಬೇಕು. ಅದರ ಉತ್ತರಗಳು ಹೇಗಿದ್ದವೆಂಬುದನ್ನು ಅದು ಜೀವಂತವಾಗಿದ್ದಾಗಲೇ ದಾಖಲಿಸಿಕೊಂಡಿರದಿದ್ದರೆ ಆ ಕಾರ್ಯ ಬಹಳ ಮಟ್ಟಿಗೆ ಊಹೆಯಾಗುತ್ತದೆ. ದಿ ಕ್ರೂವಿನ ಅಭಿಮಾನಿಗಳು 2025ರಲ್ಲಿ ಅದನ್ನು ಸಾಧಿಸಿದರೆಂಬುದು ನಿಜ, ಆದರೆ ಅಷ್ಟು ಅಭಿಮಾನಿಗಳಿರುವ ಆಟಗಳು ವಿರಳ. ಸರ್ವರನ್ನು ಅಷ್ಟಾಗಿ ಅವಲಂಬಿಸದ ಆಟದಲ್ಲಿಯೂ ಹಲವೊಮ್ಮೆ ಕಡತವು ಗೂಢಲಿಪಿಯಲ್ಲಿದ್ದು, ಅದರ ಕೀಲಿ ಕೊಂಡವನ ಖಾತೆಗೆ ಬಂಧಿತವಾಗಿರುವುದರಿಂದ, ನಕಲು ಮಾಡಿದ ಪ್ರತಿ ಬೇರೆಡೆ ತೆರೆಯದು.

ಸಂರಕ್ಷಕನಿಗೆ ಕಾನೂನು ಕೊಡುವ ಆಸರೆಯಾದರೂ ಎಷ್ಟು? 2012ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52(1)(n) ಉಪವಿಧಿಯು ವಾಣಿಜ್ಯೋದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯಕ್ಕೆ ಸಂರಕ್ಷಣೆಗಾಗಿ ಕೃತಿಯ ವಿದ್ಯುನ್ಮಾನ ಪ್ರತಿಯಿಡಲು ಅನುಮತಿಸುತ್ತದೆ. ಆದರೆ ಗ್ರಂಥಾಲಯದಲ್ಲಿ ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಮೊದಲೇ ಇರತಕ್ಕದ್ದು. ಪುಸ್ತಕವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಈ ಷರತ್ತನ್ನು ಹುಟ್ಟಿನಿಂದಲೇ ಡಿಜಿಟಲ್ ಆದ ಆಟವು ಎಂದಿಗೂ ಪೂರೈಸಲಾರದು. ಅದೇ ತಿದ್ದುಪಡಿ ತಂದ 65A ವಿಧಿಯು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗವನ್ನು ಮುರಿಯುವುದನ್ನು ಅಪರಾಧವೆನ್ನುತ್ತದೆ; ಕಾಯ್ದೆ ನಿಷೇಧಿಸದ ಕಾರ್ಯಗಳಿಗೆ ವಿನಾಯಿತಿಯಿದ್ದರೂ, ಪ್ರತಿಯಿಡುವುದಕ್ಕೇ ಅನುಮತಿ ದೊರೆಯದವನಿಗೆ ಆ ವಿನಾಯಿತಿಯ ನೆರಳು ದೊರೆತೀತೆಂದು ಧೈರ್ಯದಿಂದ ಹೇಳಲಾಗದು.

ಆ ಷರತ್ತನ್ನು ಸಡಿಲಿಸಿ, ಸಂರಕ್ಷಣೆಗಾಗಿ ಬೀಗ ತೆಗೆಯುವ ಅನುಮತಿಯನ್ನು ಆ ಉಪವಿಧಿಯಲ್ಲಿಯೇ ಸೇರಿಸಿದರೆ, ಬೆಂಗಳೂರಿನವರು ರೂಪಿಸಿದ ಕಾರುಗಳುಳ್ಳ ಆಟವನ್ನು ಬೆಂಗಳೂರಿನದೇ ಗ್ರಂಥಾಲಯವೊಂದು, ಮಾರಾಟದ ಕಡೆಯ ದಿನ ಪ್ರಕಟವಾದೊಡನೆ ಕೊಂಡು, ಕೀಲಿ ತೆಗೆದು, ಆಡಬಲ್ಲ ಸ್ಥಿತಿಯಲ್ಲಿ ಇರಿಸಬಹುದು. ಸರ್ವರಿನ ತಂತ್ರಾಂಶವಾದರೋ, ತಯಾರಕರು ತಾವಾಗಿ ಕೊಟ್ಟ ಹೊರತು ಆಗಲೂ ದೊರೆಯದು. ಅದಕ್ಕೆ ಪ್ರತ್ಯೇಕ ವಿಧಿಯೇ ಬೇಕಾಗುತ್ತದೆ.